ಒಂದು ದಿನ ಹೊರಗಿದ್ದ ಮಜ್ಜಿಗೆ, ಲಸ್ಸಿ: ಬರೀ ಹುಳಿಯೋ, ಕೆಟ್ಟೇ ಹೋಗಿದೆಯೋ?

ವಿನುತಾ
ಬೇಗ ಹೇಳಿ, ಮನೆಯಲ್ಲಿ ಜಗಳ ನಡೀತಿದೆ. ನಿನ್ನೆ ನೆಂಟರು ಬರುತ್ತಾರೆ ಅಂತ ಬೆಳಿಗ್ಗೆಯೇ ಎರಡು ಪಾತ್ರೆ ಮಾಡಿಟ್ಟಿದ್ದೆ. ಒಂದು ಮಜ್ಜಿಗೆ: ಒಂದು ಪಾಲು ಮೊಸರಿಗೆ ಮೂರು ಪಾಲು ನೀರು, ಉಪ್ಪು, ಅಷ್ಟೇ. ಇನ್ನೊಂದು ಲಸ್ಸಿ: ಮೊಸರು, ಹೆಚ್ಚುಕಮ್ಮಿ ಅಷ್ಟೇ ಹಾಲು, ಸಕ್ಕರೆ, ಮೇಲೆ ಸ್ವಲ್ಪ ಕೆನೆ. ನೆಂಟರು ಬರಲೇ ಇಲ್ಲ. ಫ್ರಿಡ್ಜಿನಲ್ಲಿ ಜಾಗ ಇರಲಿಲ್ಲ, ಎರಡೂ ಅಡುಗೆಮನೆ ಕಟ್ಟೆ ಮೇಲೆಯೇ ಉಳಿದವು. ಈಗ ಹತ್ತಿರ ಹತ್ತಿರ 24 ಗಂಟೆ. ಸೆಕೆ ಬೇರೆ.

ಮಜ್ಜಿಗೆಯಲ್ಲಿ ಮೇಲೆ ತಿಳಿನೀರು ನಿಂತಿದೆ, ಕೆಳಗೆ ಬಿಳಿ ಗಸಿ ಕೂತಿದೆ, ಹುಳಿ ವಾಸನೆ ಜೋರಾಗಿದೆ. ಲಸ್ಸಿ ಮೇಲೆ ಸಣ್ಣ ಸಣ್ಣ ಗುಳ್ಳೆ. ಅತ್ತೆ "ಎರಡೂ ಹುಳಿ ಬಂದಿದೆ ಅಷ್ಟೇ, ಏನೂ ಆಗಲ್ಲ" ಅಂತಾರೆ. ನಮ್ಮವರು "ಎರಡನ್ನೂ ಚೆಲ್ಲು" ಅಂತಾರೆ. ಯಾರ ಮಾತು ಕೇಳಲಿ?

ರಾಜಣ್ಣ
ಅತ್ತೆ ಮಾತು ಕೇಳಿ. ಹುಳಿಯಲ್ಲಿ ಯಾವ ಕ್ರಿಮಿಯೂ ಬದುಕಲ್ಲ. ಫ್ರಿಡ್ಜ್ ಬರೋಕೆ ಮೊದಲು ಜನ ಮಜ್ಜಿಗೆ ಕುಡೀತಾ ಇರಲಿಲ್ವಾ?

ಪ್ರಮೀಳಾ
ನರ್ಸ್ ಆಗಿ ಹೇಳ್ತೀನಿ, ಹಾಲಿನ ಪದಾರ್ಥ ಹೊರಗೆ 2 ಗಂಟೆ, ತುಂಬ ಬಿಸಿಲಿದ್ದರೆ 1 ಗಂಟೆ. ಅಷ್ಟೇ ಲೆಕ್ಕ. ಎರಡೂ ಚೆಲ್ಲಿ.

ಸಂಶಯಪ್ಪ
ಪ್ರಮೀಳಾ ಮೇಡಂ, ಮೊಸರು ಹೆಪ್ಪುಗಟ್ಟೋಕೇ ಆರೇಳು ಗಂಟೆ ಹೊರಗಿರಬೇಕಲ್ಲ? ನಿಮ್ಮ ಲೆಕ್ಕದಲ್ಲಿ ಮೊಸರು ಅನ್ನೋದೇ ಇರಬಾರದು 😀

ತೋಟದ ಗೆಳೆಯ
ಹುಳಿ ಮಜ್ಜಿಗೆಯನ್ನು ನೀರು ಬೆರೆಸಿ ಕರಿಬೇವಿನ ಗಿಡಕ್ಕೆ ಹಾಕಿ. ನಮ್ಮ ಗಿಡ ಹೇಗೆ ಚಿಗುರಿದೆ ನೋಡಬೇಕು ನೀವು.

ವಿನುತಾ
@ತೋಟದ ಗೆಳೆಯ, ಕುಡಿಯೋದೋ ಬೇಡವೋ ಅನ್ನೋದು ನನ್ನ ಪ್ರಶ್ನೆ ಅಣ್ಣ. ಅದರಲ್ಲಿ ಉಪ್ಪು ಬೇರೆ ಇದೆ.

ತೋಟದ ಗೆಳೆಯ
ಓ, ಉಪ್ಪು ಇದ್ದರೆ ಗಿಡಕ್ಕೆ ಬೇಡ.

ಕೆನೆಮೊಸರು
ನಾನು ಡೇರಿಯ ಲ್ಯಾಬ್‌ನಲ್ಲಿ ಬಹಳ ಕಾಲ ಕೆಲಸ ಮಾಡಿದವನು. ವಿನುತಾ ಅವರೇ, ನಿಮ್ಮ ಎರಡು ಪಾತ್ರೆಗಳಿಗೆ ಒಂದೇ ಉತ್ತರ ಇಲ್ಲ. ಅದಕ್ಕೇ ಜಗಳ ಮುಗೀತಿಲ್ಲ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಹುಳಿ ಬರುವುದು ಹೆಪ್ಪಿನ ಬ್ಯಾಕ್ಟೀರಿಯಾಗಳ ಕೆಲಸ. ಅವು ಹಾಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಹೊರಗಿಟ್ಟರೆ ಈ ಕೆಲಸ ಮುಂದುವರಿಯುತ್ತದೆ, ಹುಳಿ ಹೆಚ್ಚುತ್ತದೆ. ಆದರೆ ಕೊನೆಯಿಲ್ಲದೆ ಹೆಚ್ಚುವುದಿಲ್ಲ. ಆ ಆಮ್ಲವೇ ಜಾಸ್ತಿಯಾಗಿ ಅದನ್ನು ಮಾಡಿದ ಬ್ಯಾಕ್ಟೀರಿಯಾಗಳನ್ನೇ ತಡೆದು ನಿಲ್ಲಿಸುತ್ತದೆ. ಮೊಸರಿನ ಪಿಎಚ್ ಸಾಮಾನ್ಯವಾಗಿ 4.5ರ ಆಸುಪಾಸು ಇರುತ್ತದೆ, ಚೆನ್ನಾಗಿ ಹುಳಿ ಬಂದಾಗ 4ರ ಹತ್ತಿರಕ್ಕೆ ಇಳಿಯುತ್ತದೆ. ಅಷ್ಟು ಹುಳಿಯಲ್ಲಿ ರೋಗ ತರುವ ಹೆಚ್ಚಿನ ಬ್ಯಾಕ್ಟೀರಿಯಾಗಳು ಬೆಳೆಯಲಾರವು.

ಕೆಡುವುದು ಬೇರೆಯವರ ಕೆಲಸ. ಯೀಸ್ಟ್, ಬೂಸ್ಟು, ನೀರಿನಿಂದಲೋ ಕೈಯಿಂದಲೋ ಬಂದ ಬೇರೆ ಬ್ಯಾಕ್ಟೀರಿಯಾ. ಹಾಗಾಗಿ "ಎಷ್ಟು ಹುಳಿಯಾಗಿದೆ" ಅಂತ ಕೇಳಿ ಉಪಯೋಗವಿಲ್ಲ. "ಹುಳಿಯ ಜೊತೆ ಇನ್ನೇನು ಬಂದಿದೆ" ಅಂತ ಕೇಳಬೇಕು. ಮಜ್ಜಿಗೆಯಲ್ಲಿ ಬರೀ ಹುಳಿ ವಾಸನೆ, ಮೇಲೆ ತಿಳಿ ಅಂತ ಬರೆದಿದ್ದೀರಿ. ಲಸ್ಸಿಯಲ್ಲಿ ಗುಳ್ಳೆ ಅಂತ ಬರೆದಿದ್ದೀರಿ. ಗುಳ್ಳೆ ಹುಳಿಯ ಲಕ್ಷಣ ಅಲ್ಲ.

ಲಸ್ಸಿ ಚೆಲ್ಲಿ. ಮಜ್ಜಿಗೆ ವಿಚಾರಕ್ಕೆ ಇನ್ನೆರಡು ಪ್ರಶ್ನೆ ಇದೆ. ಹಾಕಿದ ನೀರು ಕಾಯಿಸಿ ಆರಿಸಿದ್ದೋ, ಹಸಿ ನೀರೋ? ಪಾತ್ರೆ ಯಾವುದು?

ವಿನುತಾ
ನೀರು ಫಿಲ್ಟರ್‌ದು. ಮಜ್ಜಿಗೆ ಸ್ಟೀಲ್ ಪಾತ್ರೆಯಲ್ಲಿ, ಲಸ್ಸಿ ಗಾಜಿನ ಜಗ್‌ನಲ್ಲಿ. ಲಸ್ಸಿ ಜಗ್‌ನ ಮುಚ್ಚಳ ತೆಗೆದಾಗ "ಟಸ್" ಅಂತ ಗಾಳಿ ಬಂತು. ಬ್ರೆಡ್ ಥರ ವಾಸನೆ ಕೂಡ.

ರಾಜಣ್ಣ
ಬ್ರೆಡ್ ವಾಸನೆ ಒಳ್ಳೇದೇ ಅಲ್ವಾ, ಹಿಟ್ಟು ಹುದುಗಿದ ಹಾಗೆ. ದೋಸೆ ಹಿಟ್ಟಲ್ಲೂ ಗುಳ್ಳೆ ಬರುತ್ತೆ. ಅದನ್ನೂ ಚೆಲ್ತೀರಾ?

ಕೆನೆಮೊಸರು
ರಾಜಣ್ಣ, ದೋಸೆ ಹಿಟ್ಟನ್ನು ಕಾವಲಿ ಮೇಲೆ ಬೇಯಿಸಿ ತಿನ್ನುತ್ತೀರಿ. ಲಸ್ಸಿಯನ್ನು ಹಾಗೇ ಕುಡಿಯುತ್ತೀರಿ.

ಅಲ್ಲಿ ಆಗಿರುವುದು ಬಹುಶಃ ಯೀಸ್ಟ್‌ನ ಕೆಲಸ. ಗಾಳಿಯಲ್ಲಿ, ಚಮಚದಲ್ಲಿ, ಹಣ್ಣಿನ ಸಿಪ್ಪೆಯಲ್ಲಿ ಯೀಸ್ಟ್ ಯಾವಾಗಲೂ ಇರುತ್ತದೆ. ಅದಕ್ಕೆ ಹುಳಿ ಅಂದರೆ ಭಯವಿಲ್ಲ. ಸಾದಾ ಮಜ್ಜಿಗೆಯಲ್ಲಿ ಇರುವುದು ಹಾಲಿನ ಸಕ್ಕರೆ. ನಮ್ಮ ಸುತ್ತ ಇರುವ ಬಹಳಷ್ಟು ಯೀಸ್ಟ್‌ಗಳಿಗೆ ಅದನ್ನು ತಿನ್ನಲು ಬರುವುದಿಲ್ಲ. ನಾವು ಲಸ್ಸಿಗೆ ಹಾಕುವ ಸಕ್ಕರೆಯನ್ನು ಮಾತ್ರ ಚೆನ್ನಾಗಿ ತಿನ್ನುತ್ತವೆ. ತಿಂದು ಗಾಳಿ ಬಿಡುತ್ತವೆ, ಸ್ವಲ್ಪ ಮದ್ಯವನ್ನೂ ಮಾಡುತ್ತವೆ. ಒಂದೇ ಕಟ್ಟೆ ಮೇಲೆ, ಒಂದೇ ಸೆಕೆಯಲ್ಲಿ ಇದ್ದ ಎರಡು ಪಾತ್ರೆಗಳಲ್ಲಿ ಸಿಹಿಯದ್ದಕ್ಕೆ ಮಾತ್ರ ಗುಳ್ಳೆ ಬಂದಿದ್ದು ಇದಕ್ಕೇ.

ಯೀಸ್ಟ್ ಒಂದರಿಂದಲೇ ದೊಡ್ಡ ಕಾಯಿಲೆ ಬರುತ್ತೆ ಅಂತ ಹೆದರಿಸುತ್ತಿಲ್ಲ. ಆದರೆ ಗಾಳಿ ಬಿಡುವ ಕೆಟ್ಟ ಬ್ಯಾಕ್ಟೀರಿಯಾಗಳೂ ಇವೆ. ಮನೆಯಲ್ಲಿ ಕೂತು ಗುಳ್ಳೆ ನೋಡಿ ಯಾರ ಗುಳ್ಳೆ ಅಂತ ಹೇಳೋಕೆ ಆಗಲ್ಲ.

ಶಶಿಕಲಾ
ನಮ್ಮನೆಯಲ್ಲಿ ಆಗಿದ್ದು ಹೇಳ್ತೀನಿ. ಸಮಾರಂಭಕ್ಕೆ ತರಿಸಿದ ಲಸ್ಸಿ. ಗಟ್ಟಿ, ಸಿಹಿ, ಹಾಲು ಜಾಸ್ತಿ. ಬೆಳಿಗ್ಗೆ ಬಂದಿದ್ದು ಊಟದ ಹೊತ್ತಿನವರೆಗೂ ಶಾಮಿಯಾನದ ಕೆಳಗಿತ್ತು. ಹುಳಿ ಇರಲಿಲ್ಲ, ವಾಸನೆ ಇರಲಿಲ್ಲ, ರುಚಿ ಸೂಪರ್ ಆಗಿತ್ತು. ಸಂಜೆಯೊಳಗೆ ಕುಡಿದವರಿಗೆಲ್ಲ ವಾಂತಿ. ಅದೇ ಊಟದಲ್ಲಿ ಮಜ್ಜಿಗೆ ಕುಡಿದವರಿಗೆ ಏನೂ ಆಗಲಿಲ್ಲ. ಹಾಗಾದರೆ ಹುಳಿ ಬಂದಿದ್ದೇ ಒಳ್ಳೇದಾ??

ಸಂಶಯಪ್ಪ
ಲಸ್ಸಿಯದ್ದೇ ತಪ್ಪು ಅಂತ ಹೇಗೆ ಗೊತ್ತು? ಊಟದಲ್ಲಿ ಪಲ್ಯ, ಸಿಹಿ ಎಲ್ಲಾ ಇತ್ತಲ್ಲ.

ಶಶಿಕಲಾ
ಊಟ ಮಾಡದೆ ಬರೀ ಲಸ್ಸಿ ಕುಡಿದು ಹೋದ ಇಬ್ಬರಿಗೂ ವಾಂತಿ ಆಯ್ತು ಸ್ವಾಮಿ.

ಕೆನೆಮೊಸರು
ಶಶಿಕಲಾ ಅವರೇ, ಪರೀಕ್ಷೆ ಮಾಡಿಸದೆ ಖಚಿತವಾಗಿ ಹೇಳಲಾರೆ. ಆದರೆ ಕುಡಿದ ಕೆಲವೇ ಗಂಟೆಯಲ್ಲಿ ವಾಂತಿ ಅಂದರೆ ಮೊದಲು ನೆನಪಾಗುವುದು ಸ್ಟ್ಯಾಫಿಲೋಕಾಕಸ್. ಅದು ಜನರ ಮೂಗಲ್ಲಿ, ಚರ್ಮದ ಮೇಲೆ, ಕೈಮೇಲಿನ ಗಾಯದಲ್ಲಿ ಇರುತ್ತದೆ. ಹುಳಿ ಕಡಿಮೆ ಇರುವ, ಬೆಚ್ಚಗಿನ ಹಾಲಿನ ಪದಾರ್ಥದಲ್ಲಿ ಬೆಳೆದು ವಿಷ ಬಿಡುತ್ತದೆ. ಆ ವಿಷಕ್ಕೆ ವಾಸನೆ ಇಲ್ಲ, ರುಚಿ ಇಲ್ಲ.

ಇಲ್ಲಿ ಹಾಲು ಎಷ್ಟು ಹಾಕಿದ್ದಾರೆ ಅನ್ನೋದು ಮುಖ್ಯ. ಮೊಸರಿಗೆ ನೀರು ಹಾಕಿದರೆ ರುಚಿಗೆ ಹುಳಿ ಕಡಿಮೆ ಅನಿಸುತ್ತದೆ, ಪಿಎಚ್ ಮಾತ್ರ ಅಷ್ಟೇನೂ ಮೇಲೇರುವುದಿಲ್ಲ. ಹಾಲು ಹಾಗಲ್ಲ. ಅದರ ಪಿಎಚ್ 6.7ರ ಹತ್ತಿರ, ಜೊತೆಗೆ ಅದರಲ್ಲಿರುವ ಪ್ರೋಟೀನು, ಲವಣಗಳು ಆಮ್ಲವನ್ನು ಹೀರಿಕೊಳ್ಳುತ್ತವೆ. ಸಮಸಮ ಬೆರೆಸಿದರೆ ಪಿಎಚ್ 5 ದಾಟುತ್ತದೆ. ಮೊಸರಿನ ರಕ್ಷಣೆಯ ಅರ್ಧ ಅಲ್ಲೇ ಹೋಯ್ತು. ಹೆಪ್ಪಿನ ಬ್ಯಾಕ್ಟೀರಿಯಾಗಳು ಆ ಹಾಲನ್ನೂ ಹುಳಿ ಮಾಡುತ್ತವೆ ನಿಜ, ಆದರೆ ಅದಕ್ಕೆ ಹಲವು ಗಂಟೆ ಬೇಕು. ಆ ಗಂಟೆಗಳೇ ಅಪಾಯದವು.

ವಿನುತಾ ಅವರ ಲಸ್ಸಿ ಕೂಡ ಸಮಸಮ ಹಾಲಿನದು. ಈಗ ಹುಳಿಯಾಗಿದ್ದರೂ ನಿನ್ನೆ ಮಧ್ಯಾಹ್ನ ಅದರಲ್ಲಿ ಏನು ಬೆಳೆದಿತ್ತು ಅಂತ ಇವತ್ತಿನ ಹುಳಿ ಹೇಳುವುದಿಲ್ಲ.

ಪ್ರಮೀಳಾ
ಇದನ್ನೇ ನಾನು ಹೇಳಿದ್ದು. ನೋಡಿ, ಮೂಸಿ ಗೊತ್ತಾಗಲ್ಲ. ಅದಕ್ಕೇ ಗಂಟೆ ಲೆಕ್ಕ.

ರಾಜಣ್ಣ
ಸರಿ, ಲಸ್ಸಿ ಬಿಡಿ. ಕುದಿಸಿದರೆ? ಚೆನ್ನಾಗಿ ಮಳ್ಳಿಸಿಬಿಟ್ಟರೆ ಎಲ್ಲಾ ಸಾಯುತ್ತಲ್ಲ.

ಪ್ರಮೀಳಾ
ಬ್ಯಾಕ್ಟೀರಿಯಾ ಸಾಯುತ್ತೆ ರಾಜಣ್ಣ, ಅದು ಬಿಟ್ಟ ವಿಷ ಉಳಿಯುತ್ತೆ. ಸ್ಟ್ಯಾಫ್ ವಿಷ ಕುದಿಸಿದರೂ ಹೋಗಲ್ಲ.

ಪಿಜಿ ಹುಡುಗ
ನಾನು ವಾರಗಟ್ಟಲೆ ಹಳೇ ಮಜ್ಜಿಗೆ ಕುಡಿದಿದ್ದೀನಿ, ಇನ್ನೂ ಬದುಕಿದ್ದೀನಿ.

ಸಂಶಯಪ್ಪ
ಬದುಕದೇ ಇದ್ದವರು ಇಲ್ಲಿ ಬಂದು ಬರೆಯಲ್ಲ ಮಾರಾಯ.

ವಿನುತಾ
ಲಸ್ಸಿ ಚೆಲ್ಲಿದೆ. ಅತ್ತೆ ಮುಖ ಊದಿಸಿಕೊಂಡಿದ್ದಾರೆ. ಮಜ್ಜಿಗೆ ಇನ್ನೂ ಇದೆ. ಮೇಲಿನ ತಿಳಿ ಸ್ವಲ್ಪ ಹಳದಿ-ಹಸಿರು ಬಣ್ಣ ಇದೆಯಲ್ಲ, ಅದು ಕೆಟ್ಟಿದ್ದಕ್ಕಾ?

ಕೆನೆಮೊಸರು
ಅಲ್ಲ. ಹಾಲಿನಲ್ಲೇ ಇರುವ ರೈಬೋಫ್ಲಾವಿನ್ ಎಂಬ ವಿಟಮಿನ್ನಿನ ಬಣ್ಣ ಅದು. ಗಟ್ಟಿ ಮೊಸರಿನ ಮೇಲೆ ನಿಲ್ಲುವ ನೀರಿಗೂ ಅದೇ ಬಣ್ಣ. ತಿಳಿ ನಿಲ್ಲುವುದೂ ಸಹಜವೇ. ಮೊಸರಿನ ಕಣಗಳು ಭಾರ, ನೀರು ಹಾಕಿ ತೆಳುವಾದ ಮೇಲೆ ಕೆಳಗೆ ಕೂರುತ್ತವೆ. ಒಂದು ಗಂಟೆ ಅಲ್ಲಾಡಿಸದೆ ಇಟ್ಟರೂ ಹಾಗೇ ಆಗುತ್ತೆ.

ಈಗ ಹೀಗೆ ನೋಡಿ. ಕಲಕಬೇಡಿ. ಕಲಕಿದರೆ ಮೇಲಿನ ಸುಳಿವು ಎಲ್ಲಾ ಒಳಗೆ ಹೋಗುತ್ತೆ. ಪಾತ್ರೆಯನ್ನು ಬೆಳಕಿಗೆ ಹಿಡಿದು ಮೇಲ್ಮೈ ನೋಡಿ, ಅಂಚು ನೋಡಿ. ಹಸಿರು, ಕಪ್ಪು, ಗುಲಾಬಿ, ಕಿತ್ತಳೆ ಯಾವ ಚುಕ್ಕೆ ಇದ್ದರೂ ಮುಗೀತು. ಬಿಳಿ ತೆಳು ಪೊರೆ, ಸುಕ್ಕು ಸುಕ್ಕಾಗಿ ಕೂತಿದ್ದರೂ ಬೇಡ. ಆಮೇಲೆ ಮೂಸಿ. ಮೂಗಿಗೆ ಚುರ್ ಅನ್ನುವ ಹುಳಿ ಸರಿ. ಮದ್ಯದ ವಾಸನೆ, ಕೊಳೆತ ವಾಸನೆ, ಸೋಪಿನಂಥ ಅಥವಾ ಹಳೇ ಎಣ್ಣೆಯಂಥ ಕಮಟು ವಾಸನೆ ಸರಿಯಲ್ಲ. ಕಮಟು ಬರುವುದು ಬೆಣ್ಣೆಯಂಶ ಕೆಟ್ಟಾಗ. ಸರಿಯಾಗಿ ಬೆಣ್ಣೆ ತೆಗೆಯದೆ ಕಡೆದ ಮಜ್ಜಿಗೆಯಲ್ಲಿ ಜಾಸ್ತಿ.

ಆಮೇಲೆ ಸೌಟಿನಲ್ಲಿ ಎತ್ತಿ ಬಿಡಿ. ನೀರಿನಂತೆ ಬೀಳಬೇಕು. ನೂಲು ಎಳೆದಂತೆ ಲೋಳೆಲೋಳೆಯಾಗಿ ಬಿದ್ದರೆ ಬೇಡ.

ಇಷ್ಟೆಲ್ಲಾ ದಾಟಿದರೆ ಮಾತ್ರ ನಾಲಿಗೆ ತುದಿಗೆ ಒಂದು ಹನಿ, ಉಗುಳಿಬಿಡಿ. ಬರೀ ಹುಳಿ ಇರಬೇಕು. ಕಹಿ ಇದ್ದರೆ ಬೇರೆ ಯಾರೋ ಪ್ರೋಟೀನನ್ನು ಒಡೆಯುತ್ತಿದ್ದಾರೆ ಅಂತ.

ಸಂಶಯಪ್ಪ
ಲೋಳೆ ವಿಚಾರ ಒಪ್ಪಲ್ಲ ಸರ್. ನಮ್ಮ ಮನೆ ಹೆಪ್ಪಿನ ಮೊಸರು ಯಾವಾಗಲೂ ಸ್ವಲ್ಪ ನೂಲು ಎಳೆಯುತ್ತೆ. ವರ್ಷಗಳಿಂದ ತಿಂತಾ ಇದ್ದೀವಿ.

ಕೆನೆಮೊಸರು
ಸರಿಯಾದ ಮಾತು. ಕೆಲವು ಹೆಪ್ಪಿನ ಬ್ಯಾಕ್ಟೀರಿಯಾಗಳೇ ಆ ಅಂಟನ್ನು ಮಾಡುತ್ತವೆ, ಅದು ಕೆಟ್ಟಿದ್ದಲ್ಲ. ನಿಮ್ಮ ಮೊಸರು ಮೊದಲಿನಿಂದಲೂ ಹಾಗಿದ್ದರೆ ಅದು ನಿಮ್ಮ ಹೆಪ್ಪಿನ ಗುಣ. ನಿನ್ನೆ ಇಲ್ಲದ ಲೋಳೆ ಇವತ್ತು ಬಂದಿದ್ದರೆ ಬೇರೆ ಲೆಕ್ಕ.

ಶಶಿಕಲಾ
ಬೂಸ್ಟು ಬಂದ ಕಡೆ ಚಮಚದಲ್ಲಿ ತೆಗೆದು ಉಳಿದಿದ್ದು ಬಳಸಬಹುದಲ್ವಾ? ಉಪ್ಪಿನಕಾಯಿಗೆ ನಮ್ಮಮ್ಮ ಹಾಗೇ ಮಾಡ್ತಿದ್ದರು.

ಕೆನೆಮೊಸರು
ಮಜ್ಜಿಗೆಗೆ ಬೇಡ. ತೆಳು ಪದಾರ್ಥದಲ್ಲಿ ಅದು ಎಲ್ಲಿಗೆ ಇಳಿದಿದೆ ಅಂತ ಕಾಣಲ್ಲ. ಇನ್ನೊಂದು ಕಾರಣವೂ ಇದೆ. ಬೂಸ್ಟು ಮತ್ತು ಪೊರೆ ಕಟ್ಟುವ ಯೀಸ್ಟ್‌ಗಳು ಆಮ್ಲವನ್ನೇ ತಿನ್ನುತ್ತವೆ. ಹುಳಿ ಇಳಿಯುತ್ತಾ ಬರುತ್ತದೆ. ಹುಳಿ ಇಳಿದ ಮೇಲೆ ಅದುವರೆಗೆ ತಲೆ ಎತ್ತದಿದ್ದ ಕೊಳೆಸುವ ಬ್ಯಾಕ್ಟೀರಿಯಾಗಳಿಗೆ ಜಾಗ ಸಿಗುತ್ತದೆ.

ಹಾಗಾಗಿ ನನಗೆ ನಿನ್ನೆಗಿಂತ ಇವತ್ತು ಜಾಸ್ತಿ ಹುಳಿಯಾದ ಮಜ್ಜಿಗೆ ನೋಡಿ ಭಯವಾಗಲ್ಲ. ನಿನ್ನೆ ಹುಳಿಯಾಗಿದ್ದು ಇವತ್ತು ಸಪ್ಪೆಯಾಗಿದ್ದರೆ ಅದನ್ನು ಮುಟ್ಟಲ್ಲ. ಆದರೆ ಒಂದೇ ದಿನದಲ್ಲಿ ಅದು ಅಪರೂಪ, ಎರಡು ಮೂರು ದಿನ ಬೇಕಾಗುತ್ತೆ.

ರಾಜಣ್ಣ
ಅಂದರೆ ಕೊನೆಗೆ ನಾನು ಹೇಳಿದ್ದೇ ಆಯ್ತು. ಹುಳಿ ಇದ್ದರೆ ಸೇಫ್.

ಕೆನೆಮೊಸರು
ಅರ್ಧ ಮಾತ್ರ ರಾಜಣ್ಣ. ಹುಳಿ ಬೆಳೆಯೋದನ್ನು ತಡೆಯುತ್ತೆ, ಕೊಲ್ಲುತ್ತೆ ಅಂತಲ್ಲ. ಹಸಿ ನೀರಿನಿಂದ ಬಂದ ಕೆಲವು ಇ. ಕೋಲಿ ತಳಿಗಳು ಹುಳಿಯಲ್ಲಿ ಬೆಳೆಯದೆ ಸುಮ್ನೆ ಬದುಕಿರುತ್ತವೆ, ಹೊಟ್ಟೆಗೆ ಹೋದ ಮೇಲೆ ಕೆಲಸ ಶುರು ಮಾಡುತ್ತವೆ. ನೀರು ಯಾವುದು ಅಂತ ಕೇಳಿದ್ದು ಅದಕ್ಕೆ. ಮೊಸರು ಎಷ್ಟೇ ಚೆನ್ನಾಗಿದ್ದರೂ ಮಜ್ಜಿಗೆಯಲ್ಲಿ ಮುಕ್ಕಾಲು ಪಾಲು ನೀರೇ ಅಲ್ವಾ?

ಪಿಜಿ ಹುಡುಗ
ಕೊತ್ತಂಬರಿ, ಹಸಿಮೆಣಸು, ಶುಂಠಿ ಹಾಕಿದ ಮಸಾಲೆ ಮಜ್ಜಿಗೆ? ಶುಂಠಿ ಕ್ರಿಮಿನಾಶಕ ಅಂತಾರೆ.

ಕೆನೆಮೊಸರು
ಅದಕ್ಕೆ ಇನ್ನೂ ಕಡಿಮೆ ಹೊತ್ತು. ಹಸಿ ಸೊಪ್ಪಿನ ಜೊತೆ ಮಣ್ಣಿನ ಬ್ಯಾಕ್ಟೀರಿಯಾ, ಯೀಸ್ಟ್ ಎಲ್ಲಾ ಬರುತ್ತೆ. ರುಚಿಗೆ ಹಾಕುವ ಶುಂಠಿಯಿಂದ ಅದೇನೂ ಸಾಯಲ್ಲ. ರುಚಿಗೆ ಹಾಕುವ ಉಪ್ಪೂ ಅಷ್ಟೇ, ಉಪ್ಪಿನಕಾಯಿಯಷ್ಟು ಉಪ್ಪು ಮಜ್ಜಿಗೆಗೆ ಯಾರೂ ಹಾಕಲ್ಲ. ಸೊಪ್ಪು ಕಂದಾಗಿ ಲೊಳಲೊಳ ಆಗಿದ್ದರೆ ಮೂಸುವುದೂ ಬೇಡ. ಉಳಿಸಬೇಕು ಅಂದರೆ ಸಾದಾ ಮಜ್ಜಿಗೆ ಇಟ್ಟುಕೊಳ್ಳಿ, ಮಸಾಲೆ ಕುಡಿಯುವಾಗ ಹಾಕಿ.

ಗಿರಿಜಮ್ಮ
ಪಾತ್ರೆ ಬಗ್ಗೆ ಯಾಕೆ ಕೇಳಿದಿರಿ ಅಂತ ಹೇಳಲೇ ಇಲ್ಲವಲ್ಲಪ್ಪಾ. ನಮ್ಮನೇಲಿ ಹಿತ್ತಾಳೆ ಪಾತ್ರೆ ಇದೆ.

ಕೆನೆಮೊಸರು
ಗಿರಿಜಮ್ಮನವರೇ, ಒಳಗೆ ಕಲಾಯಿ ಸರಿಯಾಗಿದೆಯಾ? ಕಲಾಯಿ ಹೋದ ಹಿತ್ತಾಳೆ, ತಾಮ್ರದಲ್ಲಿ ಹುಳಿ ಇಟ್ಟರೆ ಲೋಹ ಕರಗಿ ಮಜ್ಜಿಗೆಗೆ ಬರುತ್ತೆ. ಕಿಲುಬು ರುಚಿ, ಹೊಟ್ಟೆ ತೊಳೆಸೋದು, ವಾಂತಿ. ಇಲ್ಲಿ ಬ್ಯಾಕ್ಟೀರಿಯಾ ಪ್ರಶ್ನೆಯೇ ಇಲ್ಲ, ಹುಳಿ ಜಾಸ್ತಿಯಾದಷ್ಟೂ ತೊಂದರೆ ಜಾಸ್ತಿ. ಸ್ಟೀಲು, ಗಾಜು, ಪಿಂಗಾಣಿ ಆದರೆ ಚಿಂತೆ ಇಲ್ಲ.

ಗಿರಿಜಮ್ಮ
ಕಲಾಯಿ ಹಾಕೋರೇ ಸಿಗಲ್ಲ ಈಗ. ಅಟ್ಟಕ್ಕೆ ಹಾಕ್ತೀನಿ ಬಿಡು.

ವಿನುತಾ
ನೋಡಿದೆ. ಚುಕ್ಕೆ ಇಲ್ಲ, ಪೊರೆ ಇಲ್ಲ, ಗುಳ್ಳೆ ಇಲ್ಲ, ನೀರಿನಂತೆ ಬೀಳುತ್ತೆ. ನಾಲಿಗೆಗೆ ಇಟ್ಟರೆ ಕಣ್ಣು ಮುಚ್ಚುವಷ್ಟು ಹುಳಿ, ಕಹಿ ಇಲ್ಲ. ಈಗ?

ಕೆನೆಮೊಸರು
ನಾನಾದರೆ ಬಳಸುತ್ತೇನೆ, ಆದರೆ ಹಸಿಯಾಗಿ ಕುಡಿಯಲ್ಲ. ಮಜ್ಜಿಗೆ ಹುಳಿ ಮಾಡಿ, ಚೆನ್ನಾಗಿ ಕುದಿಸಿ. ಇದು ಮೊದಲಿನಿಂದಲೂ ಹುಳಿ ಇದ್ದ ಮೊಸರು, ಹಾಲು ಬೆರೆತಿಲ್ಲ, ಹಾಗಾಗಿ ವಿಷ ಕಟ್ಟಿರುವ ಸಾಧ್ಯತೆ ಬಹಳ ಕಡಿಮೆ. ನೀರಿನಿಂದ ಏನಾದರೂ ಬಂದಿದ್ದರೆ ಕುದಿಯಲ್ಲಿ ಹೋಗುತ್ತದೆ. ಲಸ್ಸಿಗೆ ಇದೇ ಮಾತು ಹೇಳಲಾರೆ. ಬೇಗ ಒಡೆಯುತ್ತೆ ಅನ್ನೋದಾದರೆ ಕಡಲೆಹಿಟ್ಟು ಅಥವಾ ಅಕ್ಕಿಹಿಟ್ಟು ಕಲಸಿ ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸಿ.

ಪ್ರಮೀಳಾ
ನಾನು ಇದನ್ನು ಒಪ್ಪಲ್ಲ. ಮನೆಯಲ್ಲಿ ಬಸುರಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ಕಿಮೋ ತಗೊಳ್ಳೋರು ಇದ್ದರೆ? ಹತ್ತರಲ್ಲಿ ಒಂಬತ್ತು ಸಲ ಏನೂ ಆಗಲ್ಲ ಅನ್ನೋದು ಅವರಿಗೆ ಸಾಲಲ್ಲ. ಒಂದು ಪಾವು ಮೊಸರು ಉಳಿಸೋಕೆ ಆಸ್ಪತ್ರೆ ಯಾಕೆ?

ಕೆನೆಮೊಸರು
ಅಂಥವರು ಇದ್ದರೆ ನಿಮ್ಮ ಮಾತೇ ಸರಿ, ಅದರಲ್ಲಿ ಎರಡಿಲ್ಲ. 2 ಗಂಟೆ ನಿಯಮಕ್ಕೂ ನನ್ನ ವಿರೋಧ ಇಲ್ಲ. ಪ್ರತಿ ಮನೆಯ ಪಿಎಚ್ ಅಳೆಯೋಕೆ ಆಗಲ್ಲ, ಹಾಗಾಗಿ ಹಾಲು, ಮೊಸರು, ಪನೀರು ಎಲ್ಲಕ್ಕೂ ಸೇರಿಸಿ ಒಂದೇ ಗಡಿ ಹಾಕಿದ್ದಾರೆ. ಆದರೆ ಆ ಗಡಿ ದಾಟಿದ ತಕ್ಷಣ ಸಾದಾ ಮಜ್ಜಿಗೆ ವಿಷ ಆಗುತ್ತೆ ಅಂತ ಅರ್ಥ ಮಾಡಿಕೊಳ್ಳಬಾರದು.

ಪ್ರಮೀಳಾ
ನೀವು ಲ್ಯಾಬ್‌ನಲ್ಲಿ ಮಜ್ಜಿಗೆ ನೋಡಿದ್ದೀರಿ, ನಾನು ವಾರ್ಡ್‌ನಲ್ಲಿ ಕುಡಿದವರನ್ನು ನೋಡಿದ್ದೀನಿ. ಇಲ್ಲಿಗೇ ಬಿಡೋಣ.

ವಿನುತಾ
ನಮ್ಮತ್ತೆಗೆ ಎಪ್ಪತ್ತು ದಾಟಿದೆ... ಮಜ್ಜಿಗೆ ಹುಳಿ ಮಾಡಿದರೆ ಮೊದಲು ಊಟಕ್ಕೆ ಕೂರೋದೇ ಅವರು. ಪ್ರಮೀಳಾ ಅವರ ಮಾತಿನಂತೆ ಚೆಲ್ತೀನಿ.

ಸಂಶಯಪ್ಪ
ಪ್ಯಾಕೆಟ್ ಮಜ್ಜಿಗೆ, ಟೆಟ್ರಾ ಪ್ಯಾಕ್ ಲಸ್ಸಿ ತಿಂಗಳುಗಟ್ಟಲೆ ಹೊರಗೇ ಇರುತ್ತಲ್ಲ ಸರ್, ಅದು ಹೇಗೆ? ಪ್ರಿಸರ್ವೇಟಿವ್ ಸುರಿದಿರ್ತಾರೆ ಅಲ್ವಾ?

ಕೆನೆಮೊಸರು
ಹೊರಗಿಡಬಹುದು ಅಂತ ಬರೆದಿರುವ ಟೆಟ್ರಾ ಪ್ಯಾಕ್‌ನದ್ದನ್ನು ಜೋರಾಗಿ ಕಾಯಿಸಿ, ಗಾಳಿ ಸೋಕದಂತೆ ತುಂಬಿರುತ್ತಾರೆ. ಬಾಳಿಕೆ ಬರುವುದು ಅದರಿಂದ. ಅದರಲ್ಲಿ ಹೆಪ್ಪಿನ ಬ್ಯಾಕ್ಟೀರಿಯಾವೂ ಸತ್ತಿರುತ್ತೆ. ಹಾಗಾಗಿ ಒಮ್ಮೆ ಕತ್ತರಿಸಿದ ಮೇಲೆ ಹೊರಗೆ ಇಟ್ಟರೆ ಅದು ಮನೆ ಮಜ್ಜಿಗೆಯಂತೆ ಹುಳಿಯಾಗುತ್ತಾ ಹೋಗಲ್ಲ. ಹೊರಗಿನಿಂದ ಬಂದವರಿಗೆ ಎದುರಾಳಿಯೇ ಇಲ್ಲ. "ಹುಳಿ ಬಂದಿಲ್ಲ, ಚೆನ್ನಾಗೇ ಇದೆ" ಅನ್ನೋ ಲೆಕ್ಕ ಅಲ್ಲಿ ನಡೆಯಲ್ಲ. ಫ್ರಿಡ್ಜ್‌ನಲ್ಲಿಡುವ ಪ್ಲಾಸ್ಟಿಕ್ ಪ್ಯಾಕೆಟ್ ಬೇರೆ, ಅದು ಹೊರಗೆ ಬಂದರೆ ಬೇಗ ಹುಳಿಯಾಗುತ್ತೆ. ಯಾವುದೇ ಆಗಲಿ, ತೆರೆಯುವ ಮೊದಲೇ ಉಬ್ಬಿದ್ದರೆ ಬಾಯಿಗೆ ಹಾಕಬೇಡಿ.

ಪಿಜಿ ಹುಡುಗ
ಓ ಅದಕ್ಕೇನಾ ಮೊನ್ನೆ ನನ್ನ ಬ್ಯಾಗಲ್ಲಿ ಪ್ಯಾಕೆಟ್ ಚೆಂಡಿನ ಥರ ಆಗಿತ್ತು! ಕುಡಿದೆ ಕೂಡ. ಸೋಡಾ ಥರ ಇತ್ತು.

ಪ್ರಮೀಳಾ
😑

ಗಿರಿಜಮ್ಮ
ಮಣ್ಣಿನ ಮಡಕೆಯಲ್ಲಿ ಇಟ್ಟರೆ ಮಜ್ಜಿಗೆ ಕೆಡಲ್ಲ ಅಂತಾರಲ್ಲ. ಅದು ನಿಜವೇನಪ್ಪಾ?

ಕೆನೆಮೊಸರು
ನೀರು ಜಿನುಗಿ ಆವಿಯಾಗಿ ಮಡಕೆ ತಣ್ಣಗಿರುತ್ತೆ, ಅದಕ್ಕೆ ಹುಳಿ ಬರೋದು ಸ್ವಲ್ಪ ನಿಧಾನ ಆಗಬಹುದು. ಗಾಳಿಯಲ್ಲಿ ತೇವ ಜಾಸ್ತಿ ಇರುವಾಗ ಆ ತಂಪೂ ಸಿಗಲ್ಲ. ಇನ್ನು ಮಡಕೆಯ ಸಣ್ಣ ರಂಧ್ರಗಳಲ್ಲಿ ಹಳೇ ಮಜ್ಜಿಗೆ ಉಳಿದಿರುತ್ತೆ, ಎಷ್ಟು ತೊಳೆದರೂ ಪೂರ್ತಿ ಹೋಗಲ್ಲ. ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ಪೂರಾ ಒಣಗಿಸದಿದ್ದರೆ ಹೊಸ ಮಜ್ಜಿಗೆ ಮೊದಲಿಗಿಂತ ಬೇಗ ಹುಳಿಯಾಗುತ್ತೆ.

ರಾಜಣ್ಣ
ನಮ್ಮನೆ ಮಡಕೆ ಮಜ್ಜಿಗೆ ಎರಡು ದಿನ ಆದರೂ ಸಿಹಿಯಾಗೇ ಇರುತ್ತೆ, ಬೇಕಾದರೆ ಬಂದು ನೋಡಿ.

ಸಂಶಯಪ್ಪ
ಎರಡು ದಿನ ಆದರೂ ಹುಳಿ ಬರಲ್ವಾ? ರಾಜಣ್ಣ, ನಿಮ್ಮ ಹೆಪ್ಪು ಮೊದಲು ಚೆಕ್ ಮಾಡಿಸಿ.

ರಾಜಣ್ಣ
ಫ್ರಿಡ್ಜ್‌ನಲ್ಲಿ ಇಟ್ಟಿರ್ತೀವಿ ಸ್ವಾಮಿ, ಮಡಕೆ ಸಮೇತ.